ಎತ್ತರ, ಹೃದಯದ ಕಾಯಿಲೆ, ಕ್ಯಾನ್ಸರ್: ನಂಟು ನಿಜ, ಕಾರಣ ಬೇರೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಆರೋಗ್ಯ ಪುಟದಲ್ಲಿ ‘ಕುಳ್ಳಗಿದ್ದರೆ ಹೃದಯಾಘಾತ, ಉದ್ದವಿದ್ದರೆ ಕ್ಯಾನ್ಸರ್’ ಎಂಬ ತಲೆಬರಹದಡಿ ಬಂದ ಲೇಖನವನ್ನು ಓದಿದೆ. ಅದರಲ್ಲಿ ಕೊಟ್ಟಿರುವ ಅಂಕಿಗಳು ಸುಳ್ಳಲ್ಲ. ಎಡವಟ್ಟಾಗಿರುವುದು ಅವುಗಳಿಂದ ತೆಗೆದ ತೀರ್ಮಾನದಲ್ಲಿ. ಅದರಲ್ಲೂ, ಓದುಗರು ತಮ್ಮ ಎತ್ತರವನ್ನು ನೋಡಿಕೊಂಡು ಅಪಾಯವನ್ನು ಲೆಕ್ಕ ಹಾಕಿಕೊಳ್ಳಲಿ ಎಂದು ಕೊನೆಯಲ್ಲಿ ಹಾಕಿರುವ ಕೋಷ್ಟಕದಲ್ಲಿ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಬಹುಕಾಲ ಸಂಖ್ಯಾಶಾಸ್ತ್ರ ಕಲಿಸಿದವನಾಗಿ ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕೆನಿಸಿತು.

ಮೊದಲು ಅಂಕಿಗಳ ವಿಷಯ. ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ 121 ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರ ಪ್ರಕಾರ, ಎತ್ತರ 6.5 ಸೆಂ.ಮೀ. ಹೆಚ್ಚಿದಂತೆ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಸಾಯುವ ಸಂಭವ ಸುಮಾರು ಶೇ 6ರಷ್ಟು ಇಳಿಯುತ್ತದೆ, ಕ್ಯಾನ್ಸರ್‌ನಿಂದ ಸಾಯುವ ಸಂಭವ ಸುಮಾರು ಶೇ 4ರಷ್ಟು ಏರುತ್ತದೆ. ಎಲ್ಲ ಬಗೆಯ ಸಾವುಗಳನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡರೆ ಉಳಿಯುವ ಇಳಿಕೆ ಶೇ 3 ಮಾತ್ರ. ಬ್ರಿಟನ್ನಿನ ‘ಮಿಲಿಯನ್ ವಿಮೆನ್ ಸ್ಟಡಿ’ 2011ರಲ್ಲಿ ತೋರಿಸಿದ್ದು ಇನ್ನೂ ದೊಡ್ಡ ಅಂಕಿ: ಎತ್ತರ 10 ಸೆಂ.ಮೀ. ಹೆಚ್ಚಿದಂತೆ ಕ್ಯಾನ್ಸರ್ ಬರುವ ಸಂಭವ ಶೇ 16ರಷ್ಟು ಹೆಚ್ಚು. ನಿಮ್ಮ ಲೇಖಕರು ಹಿಡಿದುಕೊಂಡದ್ದು ಈ ಹದಿನಾರನ್ನೇ. ಆದರೆ ಯಾವುದರ ಶೇ 16 ಎಂಬುದನ್ನು ಅವರು ಹೇಳಲಿಲ್ಲ. ಲೆಕ್ಕಕ್ಕೆ ಸುಲಭವಾಗಲೆಂದು, 152 ಸೆಂ.ಮೀ. ಎತ್ತರದ ಸಾವಿರ ಹೆಂಗಸರಲ್ಲಿ ನೂರು ಮಂದಿಗೆ ಜೀವಮಾನದಲ್ಲಿ ಯಾವುದಾದರೊಂದು ಕ್ಯಾನ್ಸರ್ ಬರುತ್ತದೆ ಎಂದಿಟ್ಟುಕೊಳ್ಳೋಣ. ಹಾಗಾದರೆ 162 ಸೆಂ.ಮೀ. ಎತ್ತರದ ಸಾವಿರ ಹೆಂಗಸರಲ್ಲಿ ಆ ಸಂಖ್ಯೆ 116 ಆಗುತ್ತದೆ. ಅಂದರೆ ಎತ್ತರದವರಲ್ಲಿ 884 ಮಂದಿಗೂ, ಕುಳ್ಳಗಿರುವವರಲ್ಲಿ 900 ಮಂದಿಗೂ ಕ್ಯಾನ್ಸರ್ ಬರುವುದಿಲ್ಲ. ಅದೇ ಬ್ರಿಟಿಷ್ ಅಧ್ಯಯನದಲ್ಲಿ, ಧೂಮಪಾನಕ್ಕೆ ಸಂಬಂಧಿಸಿದ ಕ್ಯಾನ್ಸರ್‌ಗಳ ಮಟ್ಟಿಗೆ, ಸಿಗರೇಟು ಸೇದುತ್ತಿದ್ದ ಹೆಂಗಸರಲ್ಲಿ ಎತ್ತರದೊಂದಿಗಿನ ನಂಟು ತೀರಾ ಮಸುಕಾಗಿತ್ತು. ತಂಬಾಕಿನ ಗದ್ದಲದ ನಡುವೆ ಎತ್ತರದ ದನಿ ಕೇಳಿಸುವುದಿಲ್ಲ.

ಈಗ ಕಾರಣದ ಪ್ರಶ್ನೆಗೆ ಬರುತ್ತೇನೆ. ಒಂದು ಸಂಗತಿ ಇನ್ನೊಂದಕ್ಕೆ ಕಾರಣ ಎನ್ನಬೇಕಾದರೆ, ಉಳಿದುದೆಲ್ಲವೂ ಇದ್ದಂತೆಯೇ ಇದ್ದು ಮೊದಲನೆಯದನ್ನು ಮಾತ್ರ ಬದಲಿಸಿದಾಗ ಎರಡನೆಯದು ಬದಲಾಗಬೇಕು. ಕಾಲಿನ ಮೂಳೆಯನ್ನು ಕತ್ತರಿಸಿ, ನಿಧಾನವಾಗಿ ಎಳೆದು ಎತ್ತರ ಹೆಚ್ಚಿಸುವ ಶಸ್ತ್ರಚಿಕಿತ್ಸೆ ಈಗ ಇದೆ. ಅದನ್ನು ಮಾಡಿಸಿಕೊಂಡು ಆರೇಳು ಸೆಂ.ಮೀ. ಬೆಳೆದ ವ್ಯಕ್ತಿ ಹೃದಯ, ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಶೇ 6ರಷ್ಟು ಇಳಿಯುತ್ತದೆ ಎಂದು ಯಾವ ಹೃದ್ರೋಗ ತಜ್ಞರೂ ಹೇಳಲಾರರು. ಹಾಗಾದರೆ ಅಧ್ಯಯನಗಳಲ್ಲಿ ಕಾಣುವ ಆ ಶೇ 6 ಬರುವುದಾದರೂ ಎಲ್ಲಿಂದ?

ನಾನು ತರಗತಿಯಲ್ಲಿ ಮಾಡಿಸುತ್ತಿದ್ದ ಒಂದು ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ಇದರ ಸಂಖ್ಯೆಗಳು ಕಲ್ಪಿತವಾದರೂ ತರ್ಕ ಕಲ್ಪಿತವಲ್ಲ. ಬಾಲ್ಯದಲ್ಲಿ ಅರೆಹೊಟ್ಟೆಯಲ್ಲಿ, ಪದೇ ಪದೇ ವಾಂತಿಭೇದಿ, ಜ್ವರಗಳ ನಡುವೆ ಬೆಳೆದ ಸಾವಿರ ಜನರಿದ್ದಾರೆ ಎಂದುಕೊಳ್ಳಿ. ಅವರಲ್ಲಿ 700 ಮಂದಿ ಕುಳ್ಳಗೆ, 300 ಮಂದಿ ಎತ್ತರವಾಗಿ ಬೆಳೆದರು. ಈ ಗುಂಪಿನಲ್ಲಿ ಕುಳ್ಳಗಿರಲಿ ಎತ್ತರವಿರಲಿ, ಐವರಲ್ಲಿ ಒಬ್ಬರಿಗೆ ಹೃದಯದ ಕಾಯಿಲೆ ಬರುತ್ತದೆ: ಕುಳ್ಳಗಿರುವವರಲ್ಲಿ 140, ಎತ್ತರದವರಲ್ಲಿ 60. ಇನ್ನೊಂದು ಕಡೆ ಹೊಟ್ಟೆತುಂಬ ಉಂಡು ಬೆಳೆದ ಸಾವಿರ ಜನರಲ್ಲಿ 300 ಮಂದಿ ಕುಳ್ಳಗೆ, 700 ಮಂದಿ ಎತ್ತರ. ಇಲ್ಲಿಯೂ ಎತ್ತರದ ಭೇದವಿಲ್ಲದೆ ಹತ್ತರಲ್ಲಿ ಒಬ್ಬರಿಗೆ ಕಾಯಿಲೆ: 30 ಮತ್ತು 70. ಬಾಲ್ಯದ ಮಾತನ್ನು ಮರೆತು ಎರಡೂ ಗುಂಪುಗಳನ್ನು ಬೆರೆಸಿ ಎಣಿಸಿದರೆ, ಸಾವಿರ ಕುಳ್ಳರಲ್ಲಿ 170 ಕಾಯಿಲೆಯವರು, ಸಾವಿರ ಎತ್ತರದವರಲ್ಲಿ 130. ಕುಳ್ಳಗಿರುವವರಿಗೆ ಅಪಾಯ ಶೇ 31ರಷ್ಟು ಹೆಚ್ಚು ಎಂಬ ತಲೆಬರಹ ಸಿದ್ಧವಾಯಿತು. ಆದರೆ ಎತ್ತರ ಯಾರಿಗೂ ಏನನ್ನೂ ಮಾಡಲಿಲ್ಲ. ಬಾಲ್ಯ ಹೇಗಿತ್ತೆಂಬುದರ ಗುರುತನ್ನು ಅದು ಮೈಮೇಲೆ ಹೊತ್ತುಕೊಂಡಿತ್ತು, ಅಷ್ಟೆ. ಗುಂಪುಗಳನ್ನು ಬೇರ್ಪಡಿಸಿ ಎಣಿಸಿದ ಕೂಡಲೇ ನಂಟು ಮಾಯವಾಗುವುದೇ ಇಂಥ ಬೆರಕೆಯ ಲಕ್ಷಣ. ನಿಜ ಜೀವನದಲ್ಲಿ ತೊಂದರೆ ಏನೆಂದರೆ, ಅರವತ್ತು ವರ್ಷದ ವ್ಯಕ್ತಿಯ ಎತ್ತರವನ್ನು ಒಂದು ನಿಮಿಷದಲ್ಲಿ ಅಳೆಯಬಹುದು, ಅವರ ಬಾಲ್ಯವನ್ನು ಅಳೆಯಲು ಬರುವುದಿಲ್ಲ. ಆದ್ದರಿಂದಲೇ ಎತ್ತರ ಇಷ್ಟೊಂದು ಅಧ್ಯಯನಗಳೊಳಗೆ ನುಸುಳಿದೆ.

ಬಾಲ್ಯಕ್ಕೂ ಹಿಂದಿನ ಗರ್ಭದ ದಿನಗಳನ್ನು ಅಳೆಯಲು ಸಾಧ್ಯವಾದ ಒಂದು ಅಪರೂಪದ ಪ್ರಸಂಗ ನಮ್ಮ ಮೈಸೂರಿನದೇ. ಇಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ (ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ) 1934ರಿಂದ ಹೆರಿಗೆಯ ದಾಖಲೆಗಳನ್ನು ಜೋಪಾನವಾಗಿ ಇಟ್ಟುಕೊಂಡು ಬಂದಿತ್ತು; ಹುಟ್ಟಿದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲವೂ ಅದರಲ್ಲಿದ್ದವು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಇನ್ನೂ ಊರಿನ ಆಸುಪಾಸಿನಲ್ಲೇ ಇದ್ದ 517 ಮಂದಿಯನ್ನು ಹುಡುಕಿ, ಅವರ ಹೃದಯವನ್ನು ಪರೀಕ್ಷಿಸಿ, 1996ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, ಸುಮಾರು 3.1 ಕೆ.ಜಿ. ಅಥವಾ ಅದಕ್ಕಿಂತ ಹೆಚ್ಚು ತೂಗಿದವರಲ್ಲಿ ಶೇ 3 ಮಂದಿಗೆ. ತಾಯಿಯ ತೂಕ ಕಡಿಮೆಯಿದ್ದವರಲ್ಲಿಯೂ ಕಾಯಿಲೆ ಹೆಚ್ಚಾಗಿ ಕಂಡಿತು. ಇದೂ ಒಂದು ನಂಟೇ, ಇದರಲ್ಲಿಯೂ ಎಚ್ಚರಿಕೆ ಬೇಕು. ಆದರೆ ವಯಸ್ಕರ ಎತ್ತರಕ್ಕಿಂತ ಇದು ಮೂಲಕ್ಕೆ ಎಷ್ಟೋ ಹತ್ತಿರದಲ್ಲಿದೆ, ಏಕೆಂದರೆ ಬಸುರಿಯ ಊಟವನ್ನು ಬದಲಿಸಬಹುದು, ಐವತ್ತರ ವಯಸ್ಸಿನವರ ಎತ್ತರವನ್ನು ಬದಲಿಸಲಾಗದು.

ಕಾರಣ ಮತ್ತು ಪರಿಣಾಮ ತಲೆಕೆಳಗಾಗುವುದೂ ಉಂಟು. ವಯಸ್ಸಾದಂತೆ ಬೆನ್ನುಮೂಳೆ ಕುಸಿದು ಎಲ್ಲರೂ ಸ್ವಲ್ಪ ಕುಗ್ಗುತ್ತೇವೆ. ಅನಾರೋಗ್ಯ ಇರುವವರು ಹೆಚ್ಚು ಕುಗ್ಗುತ್ತಾರೆ. ಎಪ್ಪತ್ತರಲ್ಲಿ ಅಳೆದ ಎತ್ತರವನ್ನು ಇಪ್ಪತ್ತರ ಎತ್ತರವೆಂದು ಬಗೆದು ಲೆಕ್ಕ ಹಾಕಿದರೆ, ಕಾಯಿಲೆಯಿಂದ ಕುಗ್ಗಿದವರು ‘ಕುಳ್ಳಗಿದ್ದುದರಿಂದ ಕಾಯಿಲೆ ಬಿದ್ದವರ’ ಪಟ್ಟಿಗೆ ಸೇರಿಬಿಡುತ್ತಾರೆ.

ಇಷ್ಟು ಹೇಳಿ ಎಲ್ಲವನ್ನೂ ಬಡತನದ ತಲೆಗೆ ಕಟ್ಟಿದರೆ ನಾನೂ ನಿಮ್ಮ ಲೇಖಕರಷ್ಟೇ ಅವಸರ ಮಾಡಿದಂತಾಗುತ್ತದೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಎತ್ತರವನ್ನು ಅಳೆಯುವ ಬದಲು, ಎತ್ತರವನ್ನು ಪ್ರಭಾವಿಸುವ 180 ಜೀನ್ ವ್ಯತ್ಯಾಸಗಳನ್ನು ಎರಡು ಲಕ್ಷದಷ್ಟು ಜನರಲ್ಲಿ ನೋಡಿತು. ಇದರ ಹಿಂದಿನ ಜಾಣತನ ಮೆಚ್ಚುವಂಥದ್ದು: ತಂದೆತಾಯಿಯ ಜೀನ್‌ಗಳಲ್ಲಿ ಮಗುವಿಗೆ ಯಾವುದು ಬರುತ್ತದೆ ಎಂಬುದು ಗರ್ಭ ಕಟ್ಟುವಾಗಲೇ ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ, ಮನೆಯ ಸಿರಿತನ ಬಡತನ ಆ ಚೀಟಿಯನ್ನು ಬದಲಿಸುವುದಿಲ್ಲ. ಹಾಗಿದ್ದೂ, ಜೀನ್‌ಗಳ ಪ್ರಕಾರ 6.5 ಸೆಂ.ಮೀ. ಕಡಿಮೆ ಎತ್ತರ ಬರೆದಿದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆಯ ಸಂಭವ ಶೇ 13.5ರಷ್ಟು ಹೆಚ್ಚಿತ್ತು. ಇದನ್ನು ಕಂಡು ‘ಎತ್ತರವೇ ಕಾರಣವೆಂದು ಸಾಬೀತಾಯಿತು’ ಎಂದು ಬರೆದವರಿದ್ದಾರೆ. ಆದರೆ ಅದೇ ಅಧ್ಯಯನ ಇನ್ನೊಂದನ್ನೂ ಕಂಡಿತು: ಆ ನಂಟಿನ ಒಂದು ಪಾಲು ಕೆಟ್ಟ ಕೊಲೆಸ್ಟರಾಲ್ ಮತ್ತು ಟ್ರೈಗ್ಲಿಸರೈಡ್‌ಗಳ ಮೂಲಕ ಹಾದುಬರುತ್ತದೆ. ಒಂದೇ ಜೀನ್ ಮೂಳೆಯ ಬೆಳವಣಿಗೆಯಲ್ಲೂ ಕೈಯಾಡಿಸುತ್ತದೆ, ರಕ್ತದ ಕೊಬ್ಬಿನಲ್ಲೂ ರಕ್ತನಾಳದ ಗೋಡೆಯಲ್ಲೂ ಕೈಯಾಡಿಸುತ್ತದೆ. ಎತ್ತರ ಮತ್ತು ಕಾಯಿಲೆ ಒಂದೇ ಬಳ್ಳಿಯ ಎರಡು ಕಾಯಿಗಳು. ಒಂದು ಕಾಯಿಯಿಂದ ಇನ್ನೊಂದು ಕಾಯಿ ಹುಟ್ಟುವುದಿಲ್ಲ. ಚಿಕಿತ್ಸೆ ಕೊಡಬೇಕಾದದ್ದು ಕೊಲೆಸ್ಟರಾಲ್‌ಗೆ, ಅದಕ್ಕೆ ಔಷಧವೂ ಇದೆ.

ಕ್ಯಾನ್ಸರ್‌ನ ವಿಷಯದಲ್ಲಿ ಎತ್ತರ ಕಾರಣಕ್ಕೆ ತುಸು ಹೆಚ್ಚು ಸಮೀಪ ಬರುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು. ದೊಡ್ಡ ದೇಹದಲ್ಲಿ ಜೀವಕೋಶಗಳು ಹೆಚ್ಚು, ಪ್ರತಿ ಕೋಶ ವಿಭಜನೆಯಲ್ಲೂ ತಪ್ಪು ನುಸುಳುವ ಅವಕಾಶ ಇರುವುದರಿಂದ ತಪ್ಪುಗಳೂ ಹೆಚ್ಚು. ಲೆನಾರ್ಡ್ ನನ್ನಿ ಎಂಬ ಅಮೆರಿಕದ ಜೀವವಿಜ್ಞಾನಿ 2018ರಲ್ಲಿ ಈ ಸರಳ ಲೆಕ್ಕವೊಂದೇ, ಗಂಡಸರು ಹೆಂಗಸರನ್ನು ಸೇರಿಸಿ ನೋಡಿದಾಗ 10 ಸೆಂ.ಮೀ.ಗೆ ಕಾಣುವ ಶೇ 10ರಷ್ಟು ಏರಿಕೆಯನ್ನು ಬಹುಮಟ್ಟಿಗೆ ವಿವರಿಸುತ್ತದೆ ಎಂದು ತೋರಿಸಿದರು. ಜೊತೆಗೆ ಬೆಳವಣಿಗೆಯ ಹಾರ್ಮೋನಿನ ಆಜ್ಞೆಯಂತೆ ಮುಖ್ಯವಾಗಿ ಯಕೃತ್ತಿನಲ್ಲಿ ತಯಾರಾಗುವ ಐಜಿಎಫ್-1 ಎಂಬ ಅಂಶ ಮೂಳೆಯನ್ನು ಉದ್ದವಾಗಿಸುತ್ತದೆ, ಕೋಶಗಳನ್ನು ವಿಭಜನೆಗೂ ಪ್ರೇರೇಪಿಸುತ್ತದೆ. ದಕ್ಷಿಣ ಅಮೆರಿಕದ ಈಕ್ವೆಡಾರ್‌ನಲ್ಲಿ ಬೆಳವಣಿಗೆಯ ಹಾರ್ಮೋನನ್ನು ಗ್ರಹಿಸಲಾಗದ ಜನ್ಮಜಾತ ದೋಷವಿರುವ, ನಾಲ್ಕು ಅಡಿಯ ಆಸುಪಾಸಿನ ಸುಮಾರು ನೂರು ಮಂದಿಯನ್ನು 22 ವರ್ಷ ಗಮನಿಸಿದಾಗ ಅವರಲ್ಲಿ ಕಂಡದ್ದು ಒಂದೇ ಒಂದು ಕ್ಯಾನ್ಸರ್. ದೋಷವಿಲ್ಲದ ಅವರ ಬಂಧುಗಳಲ್ಲಿ ಅದು ಎಂದಿನಂತೆ ಬಂದಿತ್ತು. ಅವರನ್ನು ಕಾಪಾಡಿದ್ದು ಕುಳ್ಳುತನವಲ್ಲ, ಅವರನ್ನು ಕುಳ್ಳಗಾಗಿಸಿದ ಹಾರ್ಮೋನಿನ ಮೌನ. ಕೋಶಗಳ ಎಣಿಕೆಯಾಗಲಿ ಹಾರ್ಮೋನಾಗಲಿ, ಕೆಲಸ ಮಾಡುವುದು ಅವು. ಎತ್ತರ ಅವುಗಳ ಒರಟಾದ ಅಳತೆ.

ನಿಮ್ಮ ಲೇಖನ ಬಂದ ಮರುದಿನವೇ ನಮ್ಮ ಬೀದಿಯ ತಾಯಿಯೊಬ್ಬರು ಪತ್ರಿಕೆಯನ್ನು ಹಿಡಿದುಕೊಂಡು ಬಂದರು. “ಮೇಷ್ಟ್ರೇ, ಮಗಳು ತರಗತೀಲಿ ಎಲ್ರಿಗಿಂತ ಕುಳ್ಳಿ. ಹೃದಯಕ್ಕೆ ಏನಾದ್ರೂ ಆಗುತ್ತಾ? ಉದ್ದ ಆಗೋ ಪುಡಿ ಕೊಡಿಸ್ಲಾ?” ಎಂದರು. ಹುಡುಗಿಗೆ ಒಂಬತ್ತು ವರ್ಷ. ತಂದೆತಾಯಿ ಇಬ್ಬರೂ ಐದು ಅಡಿಯ ಸುತ್ತಮುತ್ತ. ಶಾಲೆಯ ಆರೋಗ್ಯ ಕಾರ್ಡಿನಲ್ಲಿ ಮೂರು ವರ್ಷದ ಅಳತೆಗಳಿದ್ದವು, ವರ್ಷಕ್ಕೆ ಐದು ಸೆಂ.ಮೀ.ಗೆ ಕಡಿಮೆಯಿಲ್ಲದೆ ಬೆಳೆದಿದ್ದಳು. ಪುಡಿ ಬೇಡವೆಂದೆ. ಬೆಳವಣಿಗೆಯ ಗೆರೆ ಏರುವುದನ್ನು ಬಿಟ್ಟು ಮಲಗಿದ್ದರೆ ನಾನೇ ಮಕ್ಕಳ ವೈದ್ಯರ ಬಳಿಗೆ ಕಳುಹಿಸುತ್ತಿದ್ದೆ, ಏಕೆಂದರೆ ಆಗ ಥೈರಾಯ್ಡ್ ತೊಂದರೆಯೋ ಅಪೌಷ್ಟಿಕತೆಯೋ ಈಗಲೇ ಇದೆ ಎಂದು ಎತ್ತರ ಹೇಳುತ್ತಿರುತ್ತದೆ. ನಿಮ್ಮ ಕೋಷ್ಟಕ ಆ ತಾಯಿಗೆ ಹೇಳಿದ್ದು ಅದನ್ನಲ್ಲ. ಮುಂದಿನ ಭಾನುವಾರದ ಪುಟದಲ್ಲಿ ಆ ಕೋಷ್ಟಕವನ್ನು ಹಿಂಪಡೆದಿರುವುದಾಗಿ ಒಂದು ಟಿಪ್ಪಣಿಯನ್ನು, ಅದೇ ಗಾತ್ರದ ಅಕ್ಷರಗಳಲ್ಲಿ, ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತು,
ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕ, ಮೈಸೂರು