ರೂಮ್ ಇನ್ನೂ ರೆಡಿ ಇಲ್ಲದಾಗ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದ.

ಮೈಸೂರಿನ ಹೋಟೆಲಲ್ಲಿ ರಿಸೆಪ್ಷನ್ ಕೆಲಸ ಸಿಕ್ಕಿದೆ ಅಂತ ನಿನ್ನಮ್ಮ ಫೋನ್ ಮಾಡಿದ್ದಳು. ಅದೂ ದಸರಾ ಸೀಸನ್ನಿಗೇ! ನಿನಗೆ ದಿನಾ ಎದುರಾಗುವ ಒಂದೇ ಒಂದು ಪೇಚಿನ ಬಗ್ಗೆ ಬರೆಯುತ್ತೇನೆ.

ಚೆಕ್-ಇನ್ 12 ಗಂಟೆಗೆ. ರಾತ್ರಿ ರೈಲಲ್ಲಿ ಬಂದ ಕುಟುಂಬ ಬೆಳಿಗ್ಗೆ 8ಕ್ಕೇ ನಿನ್ನ ಮುಂದೆ ನಿಂತಿದೆ. ಮಗು ರಚ್ಚೆ ಹಿಡಿದಿದೆ. ಅವರ ರೂಮಿನಲ್ಲಿ ಹಿಂದಿನವರು ಇನ್ನೂ ಮಲಗಿದ್ದಾರೆ. ಏನು ಮಾಡ್ತೀಯ?

ಮೊದಲು ಎದ್ದು ನಿಂತು "ನಮಸ್ಕಾರ, ಬನ್ನಿ" ಅನ್ನು. ಮುಖ, ಬಟ್ಟೆ ನೋಡಿ ಭಾಷೆ ಊಹಿಸಬೇಡ. ಅವರು ಯಾವ ಭಾಷೆಯಲ್ಲಿ ಉತ್ತರ ಕೊಡುತ್ತಾರೋ ಅದರಲ್ಲೇ ಮುಂದುವರಿ. ಕನ್ನಡದಲ್ಲಿ ಮಾತಾಡಿದವರಿಗೆ ಇಂಗ್ಲಿಷಲ್ಲಿ ಉತ್ತರ ಕೊಟ್ಟರೆ ಬೇಜಾರಾಗುತ್ತೆ, ಅಲ್ವಾ?

ಆಮೇಲೆ ಹೌಸ್‌ಕೀಪಿಂಗಿಗೆ ಫೋನ್ ಮಾಡಿ ಟೈಮ್ ಕೇಳು. ಸುಮ್ನೆ "ಐದು ನಿಮಿಷ" ಅನ್ನಬೇಡ. "ರೂಮ್ ಇಲ್ಲ" ಅಂತಲೂ ಬೇಡ. ಹಿಂದಿಯಲ್ಲಿ "ಅಭೀ ರೂಮ್ ನಹೀ ಹೈ" ಅಂದರೆ ಬುಕಿಂಗೇ ಹೋಯ್ತು ಅಂತ ಅವರು ಹೌಹಾರುತ್ತಾರೆ. ಯಾವಾಗ ಸಿಗುತ್ತೆ, ಅಲ್ಲಿವರೆಗೆ ಏನು ಮಾಡಬಹುದು, ಇವೆರಡನ್ನು ಒಟ್ಟಿಗೇ ಹೇಳು.

ಕನ್ನಡದಲ್ಲಿ: "ನಿಮ್ಮ ರೂಮ್ 12ಕ್ಕೆ ರೆಡಿಯಾಗುತ್ತೆ ಸರ್. ಲಗೇಜ್ ಇಲ್ಲೇ ಇಟ್ಟು ಆರಾಮಾಗಿ ತಿಂಡಿ ಮುಗಿಸಿ ಬನ್ನಿ." ಇಲ್ಲಿ "ದಯವಿಟ್ಟು" ಬೇಕಿಲ್ಲ, ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಥರ ಕೇಳಿಸುತ್ತೆ. "ಬನ್ನಿ" ಅನ್ನೋದರಲ್ಲೇ ಮರ್ಯಾದೆ ಇದೆ.

ಹಿಂದಿಯಲ್ಲಿ: "ಆಪ್‌ಕಾ ರೂಮ್ ಬಾರಾ ಬಜೇ ತೈಯಾರ್ ಹೋ ಜಾಯೇಗಾ. ತಬ್ ತಕ್ ಸಾಮಾನ್ ಯಹಾಂ ರಖ್ ದೀಜಿಯೇ." ನಮ್ಮವರು ಜಾಸ್ತಿ ಎಡವೋದು ಇಲ್ಲೇ. "ಆಪ್" ಅಂತ ಶುರುಮಾಡಿ "ಬೈಠೋ", "ರುಕೋ" ಅಂದುಬಿಡುತ್ತಾರೆ. ಕೊನೆಗೆ ಬರುವ "ಓ" ಸಲುಗೆಯ ಮಾತು. ಗೆಸ್ಟಿಗೆ "ಬೈಠಿಯೇ", "ರುಕಿಯೇ" ಅನ್ನಬೇಕು. ನಿನ್ನ ಬಗ್ಗೆ ಹೇಳುವಾಗ "ಕರ್ ಸಕ್ತೀ ಹೂಂ", ಹೆಣ್ಣುಮಕ್ಕಳಿಗೆ "ಸಕ್ತಾ" ಅಲ್ಲ. ಭಯ್ಯಾ, ಆಂಟಿ ಎಲ್ಲ ಬೇಡ, ಸರ್, ಮೇಡಂ ಸಾಕು.

ಇಂಗ್ಲಿಷಲ್ಲಿ ಕ್ರಿಯಾಪದಕ್ಕೆ ಅಂಥ ಬಾಲ ಇಲ್ಲ. ಮರ್ಯಾದೆಯನ್ನು ವಾಕ್ಯದ ಶುರುವಿಗೇ ಇಡಬೇಕು. "ಗಿವ್ ಐಡಿ" ಅಂದರೆ ಪೊಲೀಸ್ ಕೇಳಿದ ಹಾಗೆ. "ಮೇ ಐ ಸೀ ಯುವರ್ ಐಡಿ, ಪ್ಲೀಸ್?" ಅನ್ನು. "ಯು ವೆಯ್ಟ್" ಬದಲು "ವುಡ್ ಯು ಲೈಕ್ ಟು ಹ್ಯಾವ್ ಬ್ರೇಕ್‌ಫಾಸ್ಟ್ ಟಿಲ್ ದೆನ್?" ತಿಂಡಿ ರೂಮಿನ ಬಾಡಿಗೆಯಲ್ಲಿ ಸೇರಿಲ್ಲದಿದ್ದರೆ ಅದನ್ನೂ ಆಗಲೇ ತಿಳಿಸು. ಇಲ್ಲದಿದ್ದರೆ ಜಗಳ ಚೆಕ್-ಔಟ್ ಹೊತ್ತಿಗೆ ಶುರುವಾಗುತ್ತೆ.

ಇನ್ನೊಂದು. ಶಿಫ್ಟ್ ಬದಲಾಗುವ ಮುಂಚೆ 12ಕ್ಕೆ ರೂಮ್ ಕೊಡುತ್ತೇನೆ ಅಂತ ಹೇಳಿದ್ದನ್ನು ಲಾಗ್ ಬುಕ್ಕಲ್ಲಿ ಬರೆದಿಡು. ಮುಂದಿನ ಶಿಫ್ಟಿಗೆ ಬರುವವರು ಗೆಸ್ಟನ್ನು ಮತ್ತೆ ಮೊದಲಿಂದ ಪ್ರಶ್ನೆ ಕೇಳಬಾರದು.

ನಿನ್ನ ಮಾವ