ಎಡಗಡೆಯ ಹರ್ನಿಯಾಕ್ಕೆ ಬಲಗಡೆಯ ಕೋಡ್

ಮಾನ್ಯರೇ,

ಆರೋಗ್ಯ ವಿಮೆಯ ಕ್ಲೇಮುಗಳು ತಡವಾಗುತ್ತಿರುವ ಬಗ್ಗೆ ನಿಮ್ಮ ಪತ್ರಿಕೆಯ ಸೋಮವಾರದ ನಗರ ಪುಟದಲ್ಲಿ ಬಂದ ವರದಿಯನ್ನು ಓದಿದೆ. ರೋಗಿಯ ಕಡೆಯವರು ಸರಿಯಾದ ಮಾಹಿತಿ ಒದಗಿಸದಿರುವುದೇ ಇದಕ್ಕೆ ಕಾರಣವೆಂದು ಅಧಿಕಾರಿಯೊಬ್ಬರು ಅದರಲ್ಲಿ ಹೇಳಿದ್ದಾರೆ. ಅದೇ ಸಂಜೆ ನನ್ನ ತಂದೆಯವರ ಕ್ಲೇಮು ಮತ್ತೆ ವಾಪಸು ಬಂದದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ತಪ್ಪು ಎಲ್ಲಿ ನಡೆಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿದೆ.

ಎಪ್ಪತ್ತು ದಾಟಿದ ನನ್ನ ತಂದೆಯವರಿಗೆ ಎಡ ತೊಡೆಸಂದಿನಲ್ಲಿ ಹರ್ನಿಯಾ ಆಗಿತ್ತು. ಮಲಗಿದರೆ ಒಳಸರಿಯುತ್ತಿದ್ದ, ಕೆಮ್ಮಿದರೆ ಉಬ್ಬಿ ಬರುತ್ತಿದ್ದ, ಕರುಳು ಸಿಕ್ಕಿಕೊಳ್ಳದಿದ್ದ ಸಾಮಾನ್ಯ ಹರ್ನಿಯಾ ಅದು. ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲ್ಯಾಪ್ರೊಸ್ಕೋಪಿಯ ಮೂಲಕ, ಅಂದರೆ ಸಣ್ಣ ರಂಧ್ರಗಳಿಂದ ಕ್ಯಾಮೆರಾ ತೂರಿಸಿ, ಮೆಶ್ ಎಂಬ ಬಲೆಯನ್ನು ಇಟ್ಟು ಶಸ್ತ್ರಚಿಕಿತ್ಸೆ ಮಾಡಿದರು. ವೈದ್ಯರ ಕೆಲಸದಲ್ಲಿ ಒಂದಿಷ್ಟೂ ಕೊರತೆ ಇರಲಿಲ್ಲ. ಬದಿ ತಪ್ಪಬಾರದೆಂದು ಮೊದಲೇ ಎಡಗಡೆ ಮಾರ್ಕರಿನಲ್ಲಿ ಬಾಣದ ಗುರುತು ಹಾಕಿದ್ದರು. ಮನೆಗೆ ಬಂದ ಮೇಲೂ ಆ ನೀಲಿ ಗುರುತು ಚರ್ಮದ ಮೇಲೆ ಮಾಸದೆ ಉಳಿದಿತ್ತು. ಇಷ್ಟು ಎಚ್ಚರಿಕೆ ವಹಿಸುವ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಿಂದ ಹೊರಬಿದ್ದ, ಕಾಯಿಲೆ ಮತ್ತು ಚಿಕಿತ್ಸೆಯನ್ನು ಸಂಕೇತಗಳಲ್ಲಿ ಬರೆಯುವ ಕೋಡಿಂಗ್ ಸಾರಾಂಶದ ಹಾಳೆಯಲ್ಲಿ ಮಾತ್ರ ಅವರಿಗೆ ಬಲಗಡೆ, ಅದೂ ತೆರೆದ ಶಸ್ತ್ರಚಿಕಿತ್ಸೆ ಆಗಿದೆ!

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಸ್ಪತ್ರೆ ತುಂಬಿ ಸಹಿ ಮಾಡಬೇಕಾದ ಕ್ಲೇಮ್ ಫಾರಂನ ಎರಡನೇ ಭಾಗದಲ್ಲಿ ಕಾಯಿಲೆಗೆ ಒಂದು ಕೋಡ್, ಶಸ್ತ್ರಚಿಕಿತ್ಸೆಗೆ ಇನ್ನೊಂದು ಕೋಡ್ ನಮೂದಿಸಬೇಕಾಗುತ್ತದೆ. ಕಾಯಿಲೆಯ ಕೋಡ್ `K40.9` ಎಂದಿತ್ತು, ಅದು ಸರಿಯಾಗಿಯೇ ಇದೆ. ಆದರೆ ಆ ಕೋಡಿನ ಅರ್ಥ, ಒಂದು ಬದಿಯ ಅಥವಾ ಬದಿ ನಮೂದಿಸದ, ಕರುಳಿಗೆ ಅಡಚಣೆಯಾಗಲೀ ಕೊಳೆತವಾಗಲೀ ಇಲ್ಲದ ತೊಡೆಸಂದಿನ ಹರ್ನಿಯಾ ಎಂದಷ್ಟೆ. ಅದು ಎಡವೋ ಬಲವೋ, ಹೊಸದೋ ಮರುಕಳಿಸಿದ್ದೋ ಎಂಬುದು ಅದರಿಂದ ತಿಳಿಯುವುದಿಲ್ಲ. ಹಾಗಾಗಿ ಬದಿಯನ್ನು ಹೇಳುವ ಭಾರವೆಲ್ಲ ಶಸ್ತ್ರಚಿಕಿತ್ಸೆಯ ಏಳು ಅಕ್ಷರಗಳ ಕೋಡಿನ ಮೇಲೆ ಬೀಳುತ್ತದೆ. ಅದರಲ್ಲಿ ಅವರು ಬರೆದದ್ದು `0YU50JZ`, ಬರೆಯಬೇಕಾಗಿದ್ದದ್ದು `0YU64JZ`. ನಾಲ್ಕನೆಯ ಸ್ಥಾನದಲ್ಲಿ 5 ಇದ್ದರೆ ಬಲ ತೊಡೆಸಂದು, 6 ಇದ್ದರೆ ಎಡ. ಐದನೆಯ ಸ್ಥಾನದಲ್ಲಿ 0 ಇದ್ದರೆ ಕೊಯ್ದು ಮಾಡಿದ್ದು, 4 ಇದ್ದರೆ ಲ್ಯಾಪ್ರೊಸ್ಕೋಪಿಯಲ್ಲಿ ಮಾಡಿದ್ದು. ಮೆಶ್ ಕೃತಕ ವಸ್ತುವಿನದೆಂದು ಸೂಚಿಸುವ J ಎರಡರಲ್ಲೂ ಒಂದೇ.

ಎರಡಂಕಿಯ ವ್ಯತ್ಯಾಸಕ್ಕೆ ಇಷ್ಟೊಂದು ರಂಪವೇಕೆ ಎಂದು ಕೌಂಟರಿನಲ್ಲಿದ್ದ ಹುಡುಗ ನನ್ನನ್ನೇ ಕೇಳಿದ. ಏಕೆಂದರೆ ತಂದೆಯವರಿಗೆ ಬಲಗಡೆ 2011ರಲ್ಲೇ ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿತ್ತು, ಮತ್ತು ಪಾಲಿಸಿ ಮಾಡಿಸುವಾಗ ಅದನ್ನು ನಾವು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದಿದ್ದೆವು. ಪಾಲಿಸಿಗೆ ಈಗ ಎರಡು ವರ್ಷ ತುಂಬಿದೆ, ಮೂರು ತುಂಬಿಲ್ಲ. ಹರ್ನಿಯಾಕ್ಕೆ ಅದರಲ್ಲಿರುವ 24 ತಿಂಗಳ ಕಾಯುವ ಅವಧಿ ಮುಗಿದಿರುವುದರಿಂದ ಎಡಗಡೆಯ ಹೊಸ ಹರ್ನಿಯಾದ ಖರ್ಚನ್ನು ವಿಮೆಯವರು ಕೊಡಲೇಬೇಕು. ಅದೇ ಬಲಗಡೆಯದು ಎಂದಾದರೆ ಹಳೆಯ ಕಾಯಿಲೆ ಮರುಕಳಿಸಿದಂತಾಗಿ, ಮೊದಲೇ ಇದ್ದ ಕಾಯಿಲೆಗಳಿಗೆ ಇರುವ 36 ತಿಂಗಳ ಅವಧಿಯನ್ನು ವಿಮೆಯವರು ಅಡ್ಡ ತರಬಹುದು. ಲಕ್ಷ ರೂಪಾಯಿ ದಾಟಿದ ಬಿಲ್ಲು ಹೀಗೆ 5 ಮತ್ತು 6ರ ನಡುವೆ ಸಿಕ್ಕಿಬಿದ್ದಿದೆ.

ವಿಮಾ ಕಂಪನಿಯ ಪರವಾಗಿ ಕ್ಲೇಮುಗಳನ್ನು ಪರಿಶೀಲಿಸುವ ಟಿಪಿಎಯವರು ಡಿಸ್ಚಾರ್ಜಿನ ದಿನವೇ ಈ ಪ್ರಶ್ನೆ ಎತ್ತಿದ್ದರು. ದಾಖಲಾತಿಗೆ ಮೊದಲು ಕಳಿಸಿದ ಅರ್ಜಿಯಲ್ಲಿ ಎಡ ಎಂದಿದೆ, ಕೊನೆಗೆ ಕಳಿಸಿದ ಸಾರಾಂಶದಲ್ಲಿ ಬಲ ಎಂದಿದೆ, ಯಾವುದು ಸರಿ ಎಂದು ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಉತ್ತರ ಕೊಡಬೇಕಾದ ಕೋಡಿಂಗ್ ಸಿಬ್ಬಂದಿ ಶನಿವಾರವೆಂದು ಮಧ್ಯಾಹ್ನವೇ ಮನೆಗೆ ಹೋಗಿದ್ದರು. ಡಿಸ್ಚಾರ್ಜ್ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಆದೇಶಿಸಿದೆ. ಆಸ್ಪತ್ರೆಯೇ ತಪ್ಪು ಕಾಗದ ಕಳಿಸಿದರೆ ಆ ಮೂರು ಗಂಟೆಯಿಂದ ರೋಗಿಗೆ ಏನು ಪ್ರಯೋಜನ? ಕತ್ತಲಾಗುವವರೆಗೆ ತಂದೆಯವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಕಾದು, ಕೊನೆಗೆ ತಮ್ಮನಿಂದ ಸಾಲ ಮಾಡಿ ಹಣ ಕಟ್ಟಿ ಬ್ರಹ್ಮಾವರಕ್ಕೆ ಕರೆತಂದೆ.

ಆಮೇಲೆ ಹೆದ್ದಾರಿಯ ಬಸ್ಸುಗಳಲ್ಲಿ ಮಂಗಳೂರಿಗೆ ಅಲೆದದ್ದೇ ಅಲೆದದ್ದು. ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲಿ ಎಡ ಎಂದಿದೆ, ಶಸ್ತ್ರಚಿಕಿತ್ಸೆಗೆ ನಾವು ಕೊಟ್ಟ ಒಪ್ಪಿಗೆ ಪತ್ರದಲ್ಲಿ ಎಡ ಎಂದಿದೆ, ಡಿಸ್ಚಾರ್ಜ್ ಸಾರಾಂಶದಲ್ಲೂ ಎಡವೇ ಇದೆ. ಮೆಶ್‌ನ ಪೊಟ್ಟಣದಿಂದ ಕಿತ್ತು ಟಿಪ್ಪಣಿಯ ಹಾಳೆಗೆ ಅಂಟಿಸಿದ ಲಾಟ್ ಸಂಖ್ಯೆಯ ಸ್ಟಿಕರ್ ಕೂಡ ಅಲ್ಲೇ ಇದೆ. ಹಾಗಿದ್ದೂ ಕೋಡ್ ಹೇಗೆ ತಪ್ಪಿತು ಎಂದು ವಿಚಾರಿಸಿದಾಗ, ಬಿಲ್ಲಿನಲ್ಲಿ ಹರ್ನಿಯಾ ಪ್ಯಾಕೇಜ್ ಎಂದು ಆರಿಸಿದರೆ ಕಂಪ್ಯೂಟರಿನಲ್ಲಿ ಆ ಒಂದೇ ಕೋಡ್ ತಾನಾಗಿ ಬರುತ್ತದೆ ಎಂದರು. ಅಂದರೆ ಟಿಪ್ಪಣಿಯನ್ನು ಯಾರೂ ಓದಿಯೇ ಇಲ್ಲ. ಕೋಡ್ ಹಾಕಬೇಕಾದದ್ದು ವೈದ್ಯರ ಟಿಪ್ಪಣಿಯನ್ನು ಓದಿಯೇ ಹೊರತು ಬಿಲ್ಲಿನ ಪ್ಯಾಕೇಜಿನ ಹೆಸರು ನೋಡಿ ಅಲ್ಲ ಎಂಬುದು ಈ ಕೆಲಸದ ಮೊದಲ ಪಾಠ.

ತಿದ್ದಿಕೊಡಿ ಎಂದದ್ದಕ್ಕೆ ಮಾಡಿದ್ದಾದರೂ ಏನು? ಹಳೆಯ ಹಾಳೆಯ ಮೇಲೆಯೇ ವೈಟ್ನರ್ ಬಳಿದು, 5 ಇದ್ದಲ್ಲಿ 6 ಬರೆದು, ಸಹಿಯಿಲ್ಲದೆ, ತಾರೀಕಿಲ್ಲದೆ, ಮೊಹರೊಂದನ್ನು ಒತ್ತಿ ಕೈಗಿತ್ತರು. ಐದನೆಯ ಸ್ಥಾನದ 0 ಹಾಗೆಯೇ ಉಳಿಯಿತು. ಅಲ್ಲಿಯೇ ಅದನ್ನು ತೋರಿಸಿ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೋಮವಾರ ವಾಪಸು ಬಂದದ್ದು ಇದೇ ಹಾಳೆ. ಹಳೆಯ ನಮೂದನ್ನು ಅಳಿಸದೆ, ಯಾವುದು ಏಕೆ ತಪ್ಪಾಗಿತ್ತೆಂದು ಬೇರೆ ಹಾಳೆಯಲ್ಲಿ ಬರೆದು, ಶಸ್ತ್ರಚಿಕಿತ್ಸಕರ ಸಹಿ, ತಾರೀಕು ಹಾಕಿಸಿ, ಟಿಪ್ಪಣಿಯ ಪ್ರತಿಯೊಂದಿಗೆ ಕಳಿಸಿದ್ದರೆ ಅರ್ಧ ಗಂಟೆಯ ಕೆಲಸ ಅದು.

ಇನ್ನು ಅಧಿಕಾರಿಗಳ ವಿಷಯ. ರೋಗಿ ಕೇಳಿದರೆ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂಬ ನಿಯಮ 2002ರಿಂದಲೂ ಇದೆ. ಕೆಲವು ವರ್ಷಗಳ ಹಿಂದೆ ನನ್ನ ಅತ್ತೆಯವರ ದಾಖಲೆಗಳಿಗಾಗಿ ಬೇರೊಂದು ಆಸ್ಪತ್ರೆಯವರು ಸತಾಯಿಸಿದಾಗ ಈ ನಿಯಮವನ್ನೇ ಹಿಡಿದು ಸರ್ಕಾರಿ ಕಚೇರಿಯೊಂದಕ್ಕೆ ದೂರು ಕೊಟ್ಟಿದ್ದೆ. ಅರ್ಜಿ ಪಡೆದುಕೊಂಡವರು ಅದನ್ನು ಅದೇ ಆಸ್ಪತ್ರೆಗೆ ಕಳಿಸಿ ಕೈತೊಳೆದುಕೊಂಡರು. ಹಿಂಬರಹ ಇವತ್ತಿಗೂ ಬಂದಿಲ್ಲ. ಇಂಥವರಿಗೆ ಈಗ ರೋಗಿಯ ಕಡೆಯವರ ಮಾಹಿತಿಯ ಕೊರತೆ ಕಾಣಿಸುತ್ತಿರುವುದು ನಾಚಿಕೆಗೇಡು.

ಕೋಡಿಂಗ್ ಸಾರಾಂಶದ ಪ್ರತಿಯನ್ನು ಡಿಸ್ಚಾರ್ಜಿಗೆ ಮೊದಲೇ ರೋಗಿಯ ಕೈಗೆ ಕೊಟ್ಟು ಓದಿಸುವಂತೆ ಎಲ್ಲ ಆಸ್ಪತ್ರೆಗಳಿಗೂ ಕಟ್ಟುನಿಟ್ಟಾಗಿ ಹೇಳಬೇಕು. ಅದನ್ನು ಹೇಳಬೇಕಾದವರು ಪತ್ರಿಕೆಗೆ ಹೇಳಿಕೆ ಕೊಡುವುದನ್ನು ನಿಲ್ಲಿಸಿ ಒಂದು ಶನಿವಾರ ಸಂಜೆ ಯಾವುದಾದರೂ ಬಿಲ್ಲಿಂಗ್ ಕೌಂಟರಿನ ಮುಂದೆ ಬಂದು ನಿಲ್ಲಬೇಕು. ತಂದೆಯವರ ಹಣ ಯಾವಾಗ ಬರುತ್ತದೆ ಎಂಬುದಕ್ಕೂ ಯಾರಾದರೂ ಉತ್ತರ ಕೊಡಲಿ.

– ನಿವೃತ್ತ ವೈದ್ಯಕೀಯ ದಾಖಲೆ ಸಿಬ್ಬಂದಿ, ಬ್ರಹ್ಮಾವರ