ಬೋರ್ಡೋ ದ್ರಾವಣ: ಮೊದಲು ಬರೆದದ್ದು ಪೂರ್ತಿ ಇಲ್ಲಿದೆ

ಗುಂಪಿನ ಎಲ್ಲರಿಗೂ ನಮಸ್ಕಾರ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವ ಬಗ್ಗೆ ನಾನು ಬರೆದದ್ದನ್ನು ಹಿಡಿದು, "ಸುಣ್ಣ ಜಾಸ್ತಿ ಹಾಕಿ ಅಂತ ಹೇಳಿ ತೋಟ ಹಾಳು ಮಾಡಿಸ್ತಾರೆ" ಎಂದು ನಿನ್ನೆ ಬರೆದ ಅಣ್ಣನವರಿಗೆ ಈ ಉತ್ತರ. ಅವರು ಎತ್ತಿಕೊಂಡದ್ದು ವಾಕ್ಯದ ಬಾಲ ಮಾತ್ರ. ಪೂರ್ತಿ ವಾಕ್ಯ ಹೀಗಿತ್ತು: "ಕತ್ತಿಯ ಮೇಲೆ ತಾಮ್ರದ ಬಣ್ಣ ಕೂತರೆ ಮಾತ್ರ, ಸುಣ್ಣದ ತಿಳಿ ಸ್ವಲ್ಪ ಸ್ವಲ್ಪವೇ ಜಾಸ್ತಿ ಹಾಕಿ."

ಅಳತೆ ಬದಲಾಗಿಲ್ಲ. ನೂರು ಲೀಟರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ಎರಡನ್ನೂ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ 50 ಲೀಟರ್ ನೀರಿಗೆ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಆಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ. ಹಾಗೇ ಹೊಡೆದರೆ ಎಳೆ ಅಡಿಕೆ, ಹಿಂಗಾರ ಸುಡುತ್ತವೆ. ಗಾಳಿಗೆ ಬಿಟ್ಟ ಹಳೇ ಸುಣ್ಣದ ಪುಡಿಗೆ ಕಸುವು ಇರುವುದಿಲ್ಲ, ತೂಕ ಸರಿಯಿದ್ದರೂ ಹೀಗಾಗುತ್ತದೆ. ಕತ್ತಿಯ ಮೇಲೆ ಲೇಪ ಕೂರುವುದು ನಿಂತ ಕೂಡಲೇ ಸುಣ್ಣ ಹಾಕುವುದನ್ನೂ ನಿಲ್ಲಿಸಿ.

ಅತಿ ಸುಣ್ಣ ನಾಜಲ್ ಕಟ್ಟಿಸುತ್ತದೆ, ತಾಮ್ರದ ಕೆಲಸವನ್ನೂ ನಿಧಾನ ಮಾಡುತ್ತದೆ. ಅಣ್ಣನವರ ಈ ಆತಂಕ ನಿಜವೇ. "ಮಾತ್ರ" ಎಂದು ಬರೆದದ್ದೂ ಅದಕ್ಕೇ. ಮುಂದೆ ಕಳಿಸುವವರು ದಯವಿಟ್ಟು ಆ ಪದ ಬಿಡದೆ ಪೂರ್ತಿ ಕಳಿಸಿ. ಕಲಸಿದ ದ್ರಾವಣ ಮರುದಿನಕ್ಕೆ ಇಡಬೇಡಿ, ಅಂದೇ ಹೊಡೆದು ಮುಗಿಸಿ.